ಏಳು ದಿನ, ಏಳು ಪೋಸ್ಟ್, ಒಂದೇ ಮಾತು: ಮಂಗನ ಕಾಯಿಲೆಯ ನಮ್ಮ ಒಕ್ಕಣೆಗಳನ್ನು ತಿದ್ದಿದ ಕಥೆ

ಸೊರಬದ ಕಡೆ ನನ್ನ ದೊಡ್ಡಮ್ಮನ ಮನೆ. ದೊಡ್ಡಮ್ಮನಿಗೆ ಫೇಸ್‌ಬುಕ್ ನೋಡುವ ಚಟ ಇದೆ, ನಮ್ಮ ಪೇಜಿಗೆ ಲೈಕ್ ಒತ್ತುವವರಲ್ಲಿ ಅವರೇ ಮೊದಲಿಗರು. ಕಳೆದ ಜನವರಿಯಲ್ಲಿ ಊಟಕ್ಕೆ ಕೂತಾಗ ಕೇಳಿದೆ, "ದೊಡ್ಡಮ್ಮಾ, ಈ ವಾರ ಮಂಗನ ಕಾಯಿಲೆ ಬಗ್ಗೆ ದಿನಾ ಒಂದೊಂದು ಹಾಕಿದ್ವಲ್ಲ, ಓದಿದ್ರಾ?" ಅವರು ಸಾರು ಬಡಿಸುತ್ತಾ ಹೇಳಿದರು, "ನೋಡ್ದೆ ಮಾರಾಯ. ದಿನಾ ಅದೇ ಅಲ್ವನಾ? ಸೋಮವಾರದ್ದು ಓದಿದ ಮೇಲೆ ಉಳಿದಿದ್ದಕ್ಕೆ ಬರೀ ಲೈಕ್ ಒತ್ತಿದೆ."

ಅದೇ ಮಧ್ಯಾಹ್ನ ದೊಡ್ಡಮ್ಮ ಕತ್ತಿ, ಹಗ್ಗ ಹಿಡಿದು ದರಗು ತರಲು ಕಾಡಂಚಿಗೆ ಹೊರಟರು. ಬರಿಗಾಲು. ಕೈಗೆ ಕಾಲಿಗೆ ಏನೂ ಹಚ್ಚಿರಲಿಲ್ಲ. ಏಳು ದಿನ ಏಳು ಪೋಸ್ಟ್ ಹಾಕಿದ ಪತ್ರಕರ್ತನ ಸ್ವಂತ ದೊಡ್ಡಮ್ಮ.

ರಾತ್ರಿ ಮನೆಗೆ ಬಂದು ಆ ಏಳನ್ನೂ ಒಟ್ಟಿಗೆ ಇಟ್ಟು ಓದಿದೆ. ಪೇಜನ್ನು ನಾವು ನಾಲ್ಕು ಗೆಳೆಯರು ನಡೆಸುತ್ತೇವೆ. ಇಬ್ಬರು ಶಿಕಾರಿಪುರದವರು, ಇಬ್ಬರು ಸೊರಬದವರು. ಒಬ್ಬೊಬ್ಬರು ಒಂದೊಂದು ದಿನ ಬರೆದಿದ್ದೆವು. ನಾಚಿಕೆ ಬಿಟ್ಟು ಇಲ್ಲಿ ಹಾಗೆಯೇ ಕೊಡುತ್ತೇನೆ.

ಸೋಮವಾರ: "ಮಂಗನ ಕಾಯಿಲೆ ಬಗ್ಗೆ ಎಚ್ಚರ ಇರಲಿ. ಕಾಡಿಗೆ ಹೋಗುವವರು ಜಾಗ್ರತೆ ವಹಿಸಿ." ಮಂಗಳವಾರ: "ಕೆಎಫ್‌ಡಿ: ಆತಂಕ ಬೇಡ, ಎಚ್ಚರ ಇರಲಿ." ಬುಧವಾರ: "ಮಂಗನ ಕಾಯಿಲೆ ತಡೆಗಟ್ಟೋಣ, ಆರೋಗ್ಯವಂತ ಸಮಾಜ ಕಟ್ಟೋಣ." ಗುರುವಾರ ಒಂದು ಸಭೆಯ ಫೋಟೋ, ಕೆಳಗೆ "ಮಂಗನ ಕಾಯಿಲೆ ಕುರಿತು ಜಾಗೃತಿ ಸಭೆ ನಡೆಯಿತು." ಶುಕ್ರವಾರ: "ಮಂಗ ಸತ್ತಿದ್ದು ಕಂಡರೆ ಎಚ್ಚರ!" ಶನಿವಾರ ಯಾರೋ ಕಳಿಸಿದ ಹಳೆಯ ಪೋಸ್ಟರ್, ಅದರ ಕೆಳಗೆ "ಎಲ್ಲರೂ ಮುನ್ನೆಚ್ಚರಿಕೆ ಪಾಲಿಸಿ." ಭಾನುವಾರ: "ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ. ತಪ್ಪದೇ ಶೇರ್ ಮಾಡಿ."

ಒಂದು ಆಟ ಆಡಿ ನೋಡಿ. ಮಂಗಳವಾರದ ಒಕ್ಕಣೆಯನ್ನು ಭಾನುವಾರದ ಚಿತ್ರದ ಕೆಳಗೆ ಹಾಕಿ. ಬುಧವಾರದ್ದನ್ನು ಸೋಮವಾರಕ್ಕೆ ಹಾಕಿ. ಏನೂ ಕೆಡುವುದಿಲ್ಲ. ಅದಲುಬದಲು ಮಾಡಿದರೂ ಕೆಡದ ಒಕ್ಕಣೆಗಳೆಂದರೆ ಅವು ಏಳಲ್ಲ, ಒಂದೇ. ಆವತ್ತಿನಿಂದ ನಾನು ಬೇರೆ ಯಾವ ಪರೀಕ್ಷೆಯನ್ನೂ ಮಾಡುವುದಿಲ್ಲ, ಇದೊಂದನ್ನೇ ಮಾಡುತ್ತೇನೆ.

ಪೇಜಿನ ಗೆಳೆಯನೊಬ್ಬ ಜಗಳಕ್ಕೇ ಬಂದ. "ಡಂಗುರ ಸಾರುವವನು ಒಂದೇ ಮಾತನ್ನು ಹತ್ತು ಸಲ ಹೇಳಲ್ವಾ? ಹೇಳಿದ್ದನ್ನೇ ಹೇಳಿದರೆ ತಾನೇ ಜನರ ತಲೆಗೆ ಹೋಗೋದು?" ಮಾತು ಸುಳ್ಳಲ್ಲ. ಆದರೆ ಡಂಗುರದವನು ಹತ್ತು ಕೇರಿಯಲ್ಲಿ ಹತ್ತು ಸಲ ಹೇಳುತ್ತಾನೆ, ಪ್ರತಿ ಸಲವೂ ಕೇಳುವ ಕಿವಿ ಬೇರೆ. ಹೇಳುವುದೂ ಕೆಲಸದ ಮಾತು: ನಾಳೆ ಬೆಳಿಗ್ಗೆ ಇಂತಿಷ್ಟು ಹೊತ್ತಿಗೆ ಇಂಥಲ್ಲಿ ಸೇರಿ. ನಾವು ಹೇಳಿದ್ದು ಒಂದೇ ಕಿವಿಗೆ ಏಳು ಸಲ, ಅದೂ "ಎಚ್ಚರ" ಎಂಬ ಒಂದೇ ಶಬ್ದ. ಎಚ್ಚರ ಎಂದರೆ ಕೈಯಿಂದ ಏನು ಮಾಡಬೇಕು ಎಂದು ಒಂದು ದಿನವೂ ಹೇಳಲಿಲ್ಲ.

ಹಾಗಾಗಿ ಮುಂದಿನ ವಾರಕ್ಕೆ ಮೊದಲು ಒಕ್ಕಣೆ ಬರೆಯಲಿಲ್ಲ. ಒಂದು ಹಾಳೆ ತೆಗೆದು, ಈ ಕಾಯಿಲೆಯ ವಿಷಯದಲ್ಲಿ ನಮ್ಮ ಓದುಗರ ಪೈಕಿ ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಮಾತು ಬೇಕಾಗುತ್ತದೆ ಎಂದು ಬರೆದೆವು. ಕಾಡಿಗೆ ಹೊರಟವರಿಗೆ ಹೊರಡುವ ಮುಂಚೆ. ಮಂಗ ಸತ್ತಿದ್ದು ಕಂಡವರಿಗೆ ಕಂಡ ಆ ಗಳಿಗೆಯಲ್ಲಿ. ಜ್ವರ ಬಂದವರಿಗೆ ಡಾಕ್ಟರ ಮುಂದೆ ಕೂತಾಗ. ಜ್ವರ ಬಿಟ್ಟವರಿಗೆ ಮನೆಗೆ ಬಂದ ಮೇಲೆ. ಸುಳ್ಳು ಫಾರ್ವರ್ಡ್ ಬಂದವರಿಗೆ ಅದನ್ನು ನಂಬುವ ಮುಂಚೆ. ಎಣಿಸಿದರೆ ಐದೇ ಆಯಿತು. ಇನ್ನೆರಡು ದಿನಕ್ಕೆ ಏನು? ಏನೂ ಬೇಡ ಅಂತ ನಾನೆಂದೆ. ಇದಕ್ಕೂ ಜಗಳ ಆಯಿತು, ಕೊನೆಗೆ ಒಂದು ದಿನ ಪ್ರಶ್ನೆಗೆ, ಒಂದು ದಿನ ಖಾಲಿ ಎಂದು ರಾಜಿಯಾದೆವು.

ಮೊದಲು ಕಾಡಿಗೆ ಹೊರಟವರದ್ದು. ಮಂಗನ ಕಾಯಿಲೆ ಎಂಬ ಹೆಸರೇ ಜನರ ದಾರಿ ತಪ್ಪಿಸುತ್ತದೆ. ಮಂಗ ಕಚ್ಚಿದರೆ ಬರುತ್ತದೆ ಎಂದು ಈಗಲೂ ನಂಬಿದವರಿದ್ದಾರೆ. ಕಚ್ಚುವುದು ಉಣುಗು. ದನದ ಮೈಮೇಲೆ ರಕ್ತ ಕುಡಿದು ಹುಣಸೆ ಬೀಜದಂತೆ ಉಬ್ಬಿಕೊಂಡಿರುವ ದೊಡ್ಡ ಉಣುಗನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮನುಷ್ಯರಿಗೆ ಕಾಯಿಲೆ ಹೆಚ್ಚಾಗಿ ತರುವುದು ಅದಲ್ಲ, ಅದರ ಮರಿ. ಎಳ್ಳಿನ ಕಾಳಿಗಿಂತ ಚಿಕ್ಕದು, ಒಣ ಎಲೆಯ ರಾಶಿಯಲ್ಲಿ ಇರುತ್ತದೆ, ಕಾಲಿಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಮಳೆ ನಿಂತು ಎಲೆ ಉದುರುವ ಕಾಲಕ್ಕೆ ಈ ಮರಿಗಳು ಹೆಚ್ಚುತ್ತವೆ, ಅದಕ್ಕೇ ಕಾಯಿಲೆ ಡಿಸೆಂಬರಿನಿಂದ ಮೇ ತನಕ ಜಾಸ್ತಿ. ನಾವು ದರಗು ಗುಡಿಸಲು, ಸೊಪ್ಪು ಕಡಿಯಲು, ಕಟ್ಟಿಗೆ ತರಲು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ.

"ಕಾಡಿಗೆ ಹೋಗುವವರು ಜಾಗ್ರತೆ ವಹಿಸಿ" ಎಂದು ದೊಡ್ಡಮ್ಮನಿಗೆ ಹೇಳಿದರೆ ಅವರು ಹಾವಿಗೆ ಜಾಗ್ರತೆ ಮಾಡುತ್ತಾರೆ, ಕಾಡುಹಂದಿಗೆ ಮಾಡುತ್ತಾರೆ. ಉಣುಗಿನ ಮರಿಗೆ ಹೇಗೆ ಮಾಡುವುದು? ತಿದ್ದಿದ ಒಕ್ಕಣೆ ಹೀಗಾಯಿತು:

"ನಾಳೆ ದರಗು ತರಲು ಹೊರಟಿದ್ದೀರಾ? ಹೊರಡುವ ಮುಂಚೆ ಆಶಾ ಕಾರ್ಯಕರ್ತೆಯ ಹತ್ತಿರ ಡೇಪಾ ಎಣ್ಣೆ ಕೇಳಿ ತನ್ನಿ. ಕೈ, ಕಾಲು, ಕುತ್ತಿಗೆ, ಬಟ್ಟೆಯ ಹೊರಗೆ ಕಾಣುವ ಮೈಗೆಲ್ಲ ಹಚ್ಚಿ. ಕಣ್ಣು, ಬಾಯಿಗೆ ತಾಗಿಸಬೇಡಿ. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಇರಲಿ. ಬಂದವರು ನೇರ ಬಚ್ಚಲಿಗೆ ಹೋಗಿ, ಬಿಸಿನೀರು, ಸೋಪು ಹಾಕಿ ಮೀಯಿರಿ. ಹಾಕಿಕೊಂಡ ಬಟ್ಟೆ ಬಿಸಿನೀರಿಗೆ ಹಾಕಿ, ಹಾಸಿಗೆ ಮೇಲೆ ಎಸೆಯಬೇಡಿ."

ಕಾಯಿಲೆಯ ಹೆಸರು ಇಲ್ಲ ಎಂಬುದನ್ನು ಗಮನಿಸಿ. ಬೇಕೆಂದೇ ಬಿಟ್ಟೆವು. ಫೇಸ್‌ಬುಕ್‌ನಲ್ಲಿ ಉದ್ದದ ಬರಹ ಹಾಕಿದರೆ ಮೊದಲ ಕೆಲವೇ ಸಾಲು ಕಾಣುತ್ತದೆ, ಉಳಿದದ್ದು See more ಹಿಂದೆ ಅಡಗುತ್ತದೆ. ಆ ಜಾಗದಲ್ಲಿ "ಮಂಗನ ಕಾಯಿಲೆ ಎಚ್ಚರ" ಎಂದಿದ್ದರೆ ಸೋಮವಾರ ಓದಿದವರು ಇದನ್ನೂ ಓದಿದ್ದೇನೆ ಎಂದುಕೊಂಡು ಮುಂದೆ ಹೋಗುತ್ತಾರೆ. "ನಾಳೆ ದರಗು ತರಲು ಹೊರಟಿದ್ದೀರಾ" ಎಂದರೆ ಹೊರಟವರು ನಿಲ್ಲುತ್ತಾರೆ, ಹೊರಡದವರು ದಾಟುತ್ತಾರೆ. ದಾಟಿದರೆ ದಾಟಲಿ. ಎಲ್ಲರನ್ನೂ ನಿಲ್ಲಿಸಬೇಕು ಎಂದು ಹೋಗಿಯೇ ಯಾರನ್ನೂ ನಿಲ್ಲಿಸದ ಒಕ್ಕಣೆ ಬರೆದದ್ದು ನಾವು.

ಹಾಕುವ ಹೊತ್ತೂ ಇದಕ್ಕೇ ಸೇರಿದ್ದು. ಹಿಂದಿನ ವಾರ ಎಲ್ಲವನ್ನೂ ಬೆಳಿಗ್ಗೆ ಹತ್ತಕ್ಕೆ ಹಾಕಿದ್ದೆವು. ಹತ್ತಕ್ಕೆ ದೊಡ್ಡಮ್ಮ ಕೊಟ್ಟಿಗೆ ಕೆಲಸ ಮುಗಿಸಿ ಹೊರಟಾಗಿರುತ್ತದೆ. ಈ ಪೋಸ್ಟ್ ರಾತ್ರಿ ಧಾರಾವಾಹಿ ಮುಗಿಯುವ ಹೊತ್ತಿಗೆ ಹೋಯಿತು.

ಶಿಕಾರಿಪುರದ ಗೆಳೆಯ ಇಲ್ಲೊಂದು ಸರಿಯಾದ ಮಾತು ಎತ್ತಿದ. ಸೊರಬದ ಚಂದ್ರಗುತ್ತಿ ಕಡೆಯವರಿಗೆ ಕಾಡು ಮನೆಯ ಹಿಂದೆಯೇ ಇದೆ. ಶಿಕಾರಿಪುರದ ಬಯಲ ಕಡೆಯವರಿಗೆ ಮೆಕ್ಕೆಜೋಳದ ಹೊಲ, ಕಾಡು ಅಂದರೆ ದೂರದ ಮಾತು. ಅವರಿಗೆ ಈ ಒಕ್ಕಣೆ ತಾಗುವುದಿಲ್ಲ. ಆದರೆ ಅಲ್ಲಿಂದ ಮಲೆನಾಡಿನ ತೋಟಗಳಿಗೆ ಕೂಲಿಗೆ ಬರುವವರು ಇದ್ದಾರೆ. ಅವರಿಗೆಂದು ಮೊದಲ ಸಾಲನ್ನು ಮಾತ್ರ ಬದಲಿಸಿ ಶಿಕಾರಿಪುರದ ಗುಂಪುಗಳಿಗೆ ಕಳಿಸಿದೆವು: "ತೋಟದ ಕೆಲಸಕ್ಕೆ ಸೊರಬ, ಸಾಗರದ ಕಡೆ ಹೊರಟಿದ್ದೀರಾ?" ಉಳಿದ ಸಾಲುಗಳು ಅವೇ. ಗೆಳೆಯ ಕೇಳಿದ್ದ ಡಂಗುರದ ಪುನರಾವರ್ತನೆ ಇದು. ಇದಕ್ಕೆ ನನ್ನ ತಕರಾರಿಲ್ಲ.

ಎರಡನೆಯದು ಸತ್ತ ಮಂಗದ ಪೋಸ್ಟ್. ಆ ವಾರ ಒಂದು ಊರಿನ ಹತ್ತಿರ ಮಂಗ ಸತ್ತು ಬಿದ್ದಿತ್ತು. ಊರ ಹೆಸರು ಇಲ್ಲಿ ಬೇಡ. ಹುಡುಗರು ಅದರ ಹತ್ತಿರ ನಿಂತು ಫೋಟೋ ತೆಗೆದು ಗುಂಪಿಗೆ ಹಾಕಿದ್ದರು, ಒಬ್ಬ ಕೋಲಿನಿಂದ ಮಗುಚಿ ನೋಡುತ್ತಿದ್ದ. ಅದೇ ಫೋಟೋ ತೆಗೆದುಕೊಂಡು ನಾವು "ಮಂಗ ಸತ್ತಿದ್ದು ಕಂಡರೆ ಎಚ್ಚರ!" ಎಂದು ಹಾಕಿದ್ದೆವು. ಒಕ್ಕಣೆ ಎಚ್ಚರ ಎನ್ನುತ್ತದೆ, ಚಿತ್ರ ಹತ್ತಿರ ಹೋಗಿ ಎನ್ನುತ್ತದೆ. ಜನ ನೋಡುವುದು ಚಿತ್ರವನ್ನು.

ಹತ್ತಿರ ಯಾಕೆ ಹೋಗಬಾರದು ಎಂಬುದು ಒಂದೇ ಸಾಲಿನಲ್ಲಿ ಹೇಳಬಹುದಾದ ವಿಷಯ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ಎಲೆ, ಹುಲ್ಲಿಗೆ ಬರುತ್ತವೆ, ಇನ್ನೊಂದು ಮೈ ಸಿಗಲಿ ಎಂದು ಕಾಯುತ್ತವೆ. ಅಪಾಯ ಹೆಣದಲ್ಲಿ ಅಷ್ಟಿಲ್ಲ, ಹೆಣದ ಸುತ್ತಲಿನ ನೆಲದಲ್ಲಿದೆ. ಇದು ಗೊತ್ತಾದರೆ ಮುಟ್ಟಬೇಡಿ ಎಂದು ಹತ್ತು ಸಲ ಹೇಳಬೇಕಿಲ್ಲ. ನಮ್ಮ ಕಡೆ ಇನ್ನೊಂದು ಪದ್ಧತಿಯೂ ಇದೆ. ಮಂಗ ಸತ್ತರೆ ಹನುಮಂತ ದೇವರು ಎಂದು ಹೂವು ಹಾಕಿ, ಕೈಯಾರೆ ಹೂಳುತ್ತಾರೆ. ಭಕ್ತಿಯನ್ನು ಹೀಯಾಳಿಸಿದರೆ ಪೋಸ್ಟ್ ಅಲ್ಲಿಗೇ ಸತ್ತಂತೆ. ಹೀಗೆ ಬರೆದೆವು:

"ಮಂಗವೋ ಮುಸುವವೋ ಸತ್ತು ಬಿದ್ದಿದ್ದು ಕಂಡರೆ ದೂರದಲ್ಲೇ ನಿಲ್ಲಿ. ಸತ್ತ ಪ್ರಾಣಿಯ ಮೈಯಿಂದ ಉಣುಗು ಇಳಿದು ಸುತ್ತಲಿನ ಎಲೆಗೆ ಬಂದಿರುತ್ತದೆ. ಫೋಟೋ ಬೇಡ, ಫೋನ್ ಮಾಡಿ: ಗ್ರಾಮ ಪಂಚಾಯ್ತಿ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಅರಣ್ಯ ಸಿಬ್ಬಂದಿಗೆ. ಮೂರು ವಿಷಯ ಹೇಳಿ: ಯಾವ ಜಾಗ, ಯಾವಾಗ ಕಂಡಿದ್ದು, ಎಷ್ಟು ಸತ್ತಿವೆ. ಅವರು ಬಂದು ಪರೀಕ್ಷೆಗೆ ತೆಗೆದುಕೊಂಡು ಸಂಸ್ಕಾರ ಮಾಡುವ ತನಕ ಮಕ್ಕಳು, ದನ, ನಾಯಿ ಆ ಕಡೆ ಹೋಗದಂತೆ ನೋಡಿಕೊಳ್ಳಿ. ಪೂಜೆ ಮಾಡುವುದಿದ್ದರೆ ಮನೆಯಲ್ಲೇ ಮಾಡಿ."

ಚಿತ್ರಕ್ಕೆ ಮಂಗದ ಫೋಟೋ ಹಾಕಲಿಲ್ಲ. ಆ ಪಂಚಾಯ್ತಿಯ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಳದಿ ಹಾಳೆಯನ್ನು ಹಾಕಿದೆವು. ಲೈಕು ಹಿಂದಿನದ್ದರ ಅರ್ಧವೂ ಬರಲಿಲ್ಲ. ಬರಲಿಲ್ಲ ಎಂದು ಬೇಸರವೂ ಆಗಲಿಲ್ಲ, ಏಕೆಂದರೆ ಈ ಪೋಸ್ಟಿನ ಕೆಲಸ ಲೈಕ್ ತರುವುದಲ್ಲ. ನಂಬರ್ ಯಾರಾದರೂ ಫೋನಿನಲ್ಲಿ ಉಳಿಸಿಕೊಂಡರೆ ಅದರ ಕೆಲಸ ಆಯಿತು. ದನ ಕಾಯುವ ಒಬ್ಬರು ಫೋನ್ ಮಾಡಿ, "ನಮ್ಮ ಪಂಚಾಯ್ತಿದು ಯಾವ್ ನಂಬ್ರ ಅಣ್ಣಾ? ನೀವು ಹಾಕಿದ್ದು ಆ ಊರಿಂದು" ಎಂದರು. ಆಗ ನಮ್ಮ ತಪ್ಪು ತಿಳಿಯಿತು. ಎರಡು ತಾಲ್ಲೂಕಿನ ಓದುಗರಿಗೆ ಒಂದು ಪಂಚಾಯ್ತಿಯ ನಂಬರ್ ಕೊಟ್ಟಿದ್ದೆವು. ಕೆಳಗೆ ಆರೋಗ್ಯ ಸಹಾಯವಾಣಿ 104 ಸೇರಿಸಿದೆವು. ಈಗ ಪ್ರತಿ ಪೋಸ್ಟಿನ ಕೊನೆಯಲ್ಲಿ ಆ ಒಂದು ಸಾಲು ಇದ್ದೇ ಇರುತ್ತದೆ. ವಾರವಿಡೀ ಪುನರಾವರ್ತನೆ ಆಗಬೇಕಾದದ್ದು ಅದೊಂದೇ.

ಜ್ವರದ ಪೋಸ್ಟನ್ನು ಎರಡಾಗಿ ಒಡೆದದ್ದಕ್ಕೆ ಕಾರಣ ಇದೆ. ಉಣುಗು ಕಚ್ಚಿ ಸಾಮಾನ್ಯವಾಗಿ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ ಬರುತ್ತದೆ. ತಲೆನೋವು, ಸೊಂಟ ಕೈಕಾಲು ಹಿಡಿದು ಹಿಂಡುವ ನೋವು, ವಾಂತಿ, ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಶುರುವಿನಲ್ಲಿ ನೋಡಿದರೆ ಬೇರೆ ಜ್ವರದಂತೆಯೇ ಇರುತ್ತದೆ. ಜನ ಅಂಗಡಿಯಲ್ಲಿ ನೋವಿನ ಗುಳಿಗೆ ತಂದು ನುಂಗಿ ಮೂರು ದಿನ ಕಾಯುತ್ತಾರೆ. ಆಸ್ಪತ್ರೆಗೆ ಹೋದರೂ ಕಾಡಿಗೆ ಹೋಗಿದ್ದೆ ಎಂದು ಹೇಳುವುದಿಲ್ಲ, ಏಕೆಂದರೆ ಅವರಿಗೆ ಅದು ಹೇಳುವ ವಿಷಯವೇ ಅಲ್ಲ, ದಿನಾ ಹೋಗುವ ಜಾಗ. ಹಾಗಾಗಿ ಲಕ್ಷಣಗಳ ಪಟ್ಟಿ ಕೊಡುವುದಕ್ಕಿಂತ, ಡಾಕ್ಟರ ಮುಂದೆ ಹೇಳಬೇಕಾದ ವಾಕ್ಯವನ್ನೇ ಬರೆದುಕೊಟ್ಟೆವು: "ಡಾಕ್ಟರ ಹತ್ತಿರ ಜ್ವರ ಎಂದಷ್ಟೇ ಹೇಳಬೇಡಿ. ಇಂಥ ದಿನ ಕಾಡಿಗೆ ಹೋಗಿದ್ದೆ, ನಮ್ಮೂರ ಹತ್ತಿರ ಮಂಗ ಸತ್ತಿತ್ತು, ಮಂಗನ ಕಾಯಿಲೆ ಪರೀಕ್ಷೆ ಬೇಕಾ ಎಂದು ಕೇಳಿ." ರಕ್ತದ ಮಾದರಿ ಶಿವಮೊಗ್ಗದ ಲ್ಯಾಬಿಗೆ ಹೋಗುತ್ತದೆ, ಈ ವೈರಸ್ಸನ್ನು ಕೊಲ್ಲುವ ಪ್ರತ್ಯೇಕ ಔಷಧಿ ಇಲ್ಲ, ಬೇಗ ದಾಖಲಾದರೆ ನೀರಿನಂಶ, ರಕ್ತಸ್ರಾವ ನೋಡಿಕೊಂಡು ಉಳಿಸುತ್ತಾರೆ ಎಂಬುದನ್ನು ಅದರ ಕೆಳಗೆ ಎರಡು ಸಾಲಿನಲ್ಲಿ ಹೇಳಿದೆವು.

ಇನ್ನೊಂದು ಪೋಸ್ಟ್ ಜ್ವರ ಬಿಟ್ಟವರಿಗೆ. ಕೆಲವರಿಗೆ ಜ್ವರ ಇಳಿದು, ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ಜ್ವರ ಏರುತ್ತದೆ. ಎರಡನೇ ಸಲ ಬಂದಾಗ ವಿಪರೀತ ತಲೆನೋವು, ಕೈ ನಡುಕ, ಕಣ್ಣು ಮಂಜಾಗುವುದು, ಮಾತು ಗೊಂದಲವಾಗುವುದು ಇರಬಹುದು. ಇದನ್ನು ಲಕ್ಷಣಗಳ ಪಟ್ಟಿಯ ಕೊನೆಗೆ ಸೇರಿಸಿದ್ದರೆ ಯಾರೂ ಅಲ್ಲಿಯ ತನಕ ಓದುತ್ತಿರಲಿಲ್ಲ. ಓದಬೇಕಾದವರೂ ಬೇರೆ. ಕಾಯಿಲೆ ಬಿದ್ದವರು ಫೋನ್ ನೋಡುವುದಿಲ್ಲ, ನೋಡುವವರು ಅವರ ಮಗಳು, ಸೊಸೆ. ಮೊದಲ ಸಾಲು ಅವರಿಗೇ: "ಮನೆಯಲ್ಲಿ ಯಾರಿಗಾದರೂ ಮಂಗನ ಕಾಯಿಲೆ ಬಂದು ವಾಸಿಯಾಗಿದೆಯಾ? ಇನ್ನು ಎರಡು ವಾರ ಅವರನ್ನು ಗಮನಿಸಿ." ನಮ್ಮ ಆರರಲ್ಲಿ ಅತಿ ಕಡಿಮೆ ಜನ ನೋಡಿದ ಪೋಸ್ಟ್ ಇದು. ಇದನ್ನು ತೆಗೆಯುವ ಮಾತು ಬಂದಾಗ ನಾನು ಒಪ್ಪಲಿಲ್ಲ. ಹತ್ತು ಜನಕ್ಕೆ ಮಾತ್ರ ಬೇಕಾದ ಮಾತನ್ನು ಆ ಹತ್ತು ಜನ ನೋಡಿದರೆ ಸಾಕು.

ಈಗ ನಮ್ಮ ದೊಡ್ಡ ತಪ್ಪು. ಶನಿವಾರದ ಹಳೆಯ ಪೋಸ್ಟರ್ ನೆನಪಿದೆಯಲ್ಲ? ಅದರೊಳಗೆ, ಚಿಕ್ಕ ಅಕ್ಷರದಲ್ಲಿ, "ತಪ್ಪದೇ ಲಸಿಕೆ ಹಾಕಿಸಿಕೊಳ್ಳಿ" ಎಂದಿತ್ತು. ನಮ್ಮಲ್ಲಿ ಯಾರೂ ಓದಿರಲಿಲ್ಲ. "ಮುನ್ನೆಚ್ಚರಿಕೆ ಪಾಲಿಸಿ" ಎಂಬ ಒಕ್ಕಣೆ ಎಂಥ ಪೋಸ್ಟರಿಗೂ ಹೊಂದುತ್ತದೆ, ಹಾಗಾಗಿ ಪೋಸ್ಟರ್ ಓದುವ ಅಗತ್ಯವೇ ಬೀಳಲಿಲ್ಲ. ಮಂಗನ ಕಾಯಿಲೆಗೆ ವರ್ಷಗಟ್ಟಲೆ ಕೊಡುತ್ತಿದ್ದ ಆ ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಲಾಗಿದೆ. ಹೊಸದನ್ನು ತಯಾರಿಸುವ ಕೆಲಸ ಐಸಿಎಂಆರ್ ಕೈಗೆತ್ತಿಕೊಂಡಿದೆ. ನಮ್ಮ ಪೋಸ್ಟರ್ ನೋಡಿದ ಒಬ್ಬ ಅಜ್ಜಿ ಬಸ್ ಹತ್ತಿ ಆಸ್ಪತ್ರೆಗೆ ಹೋಗಿ, ಲಸಿಕೆ ಇಲ್ಲ ಎಂದದ್ದಕ್ಕೆ ಸಿಬ್ಬಂದಿ ಸುಳ್ಳು ಹೇಳುತ್ತಾರೆಂದು ಜಗಳ ಆಡಿ ಬಂದರಂತೆ. ಬಸ್ ಚಾರ್ಜೂ ದಂಡ, ಒಂದು ದಿನದ ಕೂಲಿಯೂ ದಂಡ. ಕೆಲವರು "ನಾವು ಹಿಂದೆ ಲಸಿಕೆ ಹಾಕಿಸಿಕೊಂಡಿದ್ದೇವೆ, ನಮಗೇನೂ ಆಗಲ್ಲ" ಎಂದು ಧೈರ್ಯವಾಗಿ ಕಾಡಿಗೆ ಹೋಗುತ್ತಿದ್ದರು, ಅದು ಇನ್ನೂ ಕೆಟ್ಟದ್ದು.

ಪೇಜಿನಿಂದ ಪೋಸ್ಟರ್ ತೆಗೆದೆವು. ಆದರೆ ಅಷ್ಟರಲ್ಲಿ ಅದು ವಾಟ್ಸಾಪ್ ಗುಂಪುಗಳಿಗೆ ಹೋಗಿತ್ತು. ಫೇಸ್‌ಬುಕ್ ಪೋಸ್ಟನ್ನು ಯಾವಾಗ ಬೇಕಾದರೂ ತಿದ್ದಬಹುದು. ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ ತಿದ್ದಲು ಸಿಗುವುದು 15 ನಿಮಿಷ ಮಾತ್ರ, ಬೇರೆಯವರು ಫಾರ್ವರ್ಡ್ ಮಾಡಿದ್ದಕ್ಕೆ ಅದೂ ಇಲ್ಲ. ಅದಕ್ಕೇ ಶನಿವಾರವನ್ನು ಪೂರ್ತಿ ಈ ತಿದ್ದುಪಡಿಗೆ ಕೊಟ್ಟೆವು. "ಕಳೆದ ಶನಿವಾರ ನಮ್ಮ ಪೇಜಿನಲ್ಲಿ ಬಂದ ಪೋಸ್ಟರ್ ತಪ್ಪು. ಮಂಗನ ಕಾಯಿಲೆಗೆ ಈಗ ಲಸಿಕೆ ಕೊಡುತ್ತಿಲ್ಲ, 2022ರಲ್ಲೇ ನಿಂತಿದೆ. ಹಿಂದೆ ಹಾಕಿಸಿಕೊಂಡವರೂ ಡೇಪಾ ಎಣ್ಣೆ ಹಚ್ಚಿಯೇ ಕಾಡಿಗೆ ಹೋಗಿ. ಆ ಪೋಸ್ಟರ್ ನಿಮ್ಮ ಗುಂಪಿನಲ್ಲಿದ್ದರೆ ಅದರ ಕೆಳಗೆ ಇದನ್ನು ಹಾಕಿ." ತಪ್ಪು ನಮ್ಮದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆವು, ಇಲ್ಲದಿದ್ದರೆ ಇದೂ ಇನ್ನೊಂದು ಎಚ್ಚರಿಕೆಯ ಹಾಗೆ ಕಾಣುತ್ತಿತ್ತು. ಅಂದಿನಿಂದ ಪ್ರತಿ ಒಕ್ಕಣೆಯಲ್ಲಿ ತಾರೀಕನ್ನೂ ಬರೆಯುತ್ತೇವೆ. "ಇಂದು", "ನಾಳೆ" ಎಂದು ಬರೆದದ್ದು ಮೂರು ದಿನ ಬಿಟ್ಟು ಯಾರದೋ ಫೋನಿನಲ್ಲಿ ಮೇಲೆ ಬರುತ್ತದೆ, ಮುಂದಿನ ವರ್ಷವೂ ಬರುತ್ತದೆ. ದರಗಿನ ಪೋಸ್ಟಿನ "ನಾಳೆ" ಮಾತ್ರ ಉಳಿಸಿಕೊಂಡಿದ್ದೇವೆ, ಅದು ಯಾವತ್ತು ಓದಿದರೂ ಸರಿಯೇ.

ಗುರುವಾರದ ಸಭೆಯ ಫೋಟೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಭೆ ನಡೆಯಿತು ಎಂಬುದು ಸಭೆಗೆ ಬಂದವರಿಗೆ ಗೊತ್ತು, ಬಾರದವರಿಗೆ ಬೇಕಿಲ್ಲ. ಅಲ್ಲಿ ಯಾರೋ ಎದ್ದು ಕೇಳಿದ ಒಂದು ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ ಇದ್ದರೆ ಅದು ಒಕ್ಕಣೆ. ನನ್ನ ನೋಟ್ ಪುಸ್ತಕದಲ್ಲಿ ಅಂಥ ಒಂದು ಪ್ರಶ್ನೆ ಇತ್ತು: "ಕಾಯಿಲೆ ಬಂದವರ ಜತೆ ಕೂತು ಉಂಡರೆ ಬರುತ್ತದಾ?" ಬರುವುದಿಲ್ಲ, ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಇದನ್ನೇ ಗುರುವಾರ ಹಾಕಿದೆವು, ವೇದಿಕೆಯ ಗಣ್ಯರ ಫೋಟೋ ಇಲ್ಲದೆ. ಒಬ್ಬರಿಗೆ ಬೇಜಾರಾಯಿತು ಎಂದು ಕೇಳಿದೆ.

ನನಗೆ ಬಿಡಲು ಮನಸ್ಸಾಗದೆ ಬಿಟ್ಟದ್ದು ಒಂದಿದೆ. ಈ ಕಾಯಿಲೆಗೆ ಪ್ರಪಂಚದ ಪುಸ್ತಕಗಳಲ್ಲಿ ಇರುವ ಹೆಸರು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನಕ್ಕೆ ಜ್ವರ ಬಂತು. ಆಫ್ರಿಕಾ, ಅಮೆರಿಕದ ಕಡೆ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿ, ಇದು ಬೇರೆಯೇ ವೈರಸ್, ಹರಡುವುದು ಉಣುಗು ಎಂದು ಕಂಡುಹಿಡಿದರು. ಈ ಕಥೆಯನ್ನು ನಾನು ಎಷ್ಟು ಪ್ರೀತಿಯಿಂದ ಬರೆದಿದ್ದೆ ಎಂದರೆ ಬುಧವಾರಕ್ಕೆ ಹಾಕಲೇಬೇಕೆಂದು ಹಠ ಹಿಡಿದೆ. ಗೆಳೆಯ ನನ್ನದೇ ಪ್ರಶ್ನೆ ನನಗೆ ತಿರುಗಿಸಿದ, "ಇದನ್ನು ಓದಿ ಯಾರು ಏನು ಮಾಡ್ತಾರೆ?" ಉತ್ತರ ಇರಲಿಲ್ಲ. ಸೀಸನ್ ಮುಗಿದ ಮೇಲೆ ಮಳೆಗಾಲದಲ್ಲಿ ಹಾಕೋಣ ಎಂದ. ಮಳೆಗಾಲದಲ್ಲಿ ಹಾಕಿದೆವು, ಚೆನ್ನಾಗಿ ಓಡಿತು. ಜನವರಿಯಲ್ಲಿ ಹಾಕಿದ್ದರೆ ದರಗಿನ ಪೋಸ್ಟಿನ ಜಾಗ ತಿನ್ನುತ್ತಿತ್ತು.

ಎಲ್ಲವೂ ಕೆಲಸ ಮಾಡಿತೇ ಎಂದು ಕೇಳಿದರೆ, ಗೊತ್ತಾಗುವ ದಾರಿ ಒಂದೇ: ಬರುವ ಪ್ರಶ್ನೆಗಳು. ಮೊದಲ ವಾರ ಕೆಳಗೆ ಬಂದದ್ದು ಕೈಮುಗಿದ ಚಿತ್ರ, "ಉಪಯುಕ್ತ ಮಾಹಿತಿ", "ಸೂಪರ್ ಸರ್". ಎರಡನೇ ವಾರ ಬಂದದ್ದು "ಡೇಪಾ ಎಣ್ಣೆ ನಮ್ಮ ಆಶಾ ಹತ್ರ ಖಾಲಿ ಅಂತಾರೆ, ಎಲ್ಲಿ ಸಿಗುತ್ತೆ?" "ಸಣ್ಣ ಮಕ್ಕಳಿಗೆ ಹಚ್ಚಬಹುದಾ?" ಎಣ್ಣೆ ಖಾಲಿ ಎಂಬ ಮಾತು ಮೂರು ಊರಿಂದ ಬಂದಾಗ ಅದನ್ನು ಹಿಡಿದು ನಾನು ಸುದ್ದಿಗೇ ಹೋದೆ. ಮಕ್ಕಳಿಗೆ ಹಚ್ಚುವ ಪ್ರಶ್ನೆಗೆ ಪೇಜಿನಲ್ಲಿ ನಾವೇ ಉತ್ತರ ಕೊಡಲಿಲ್ಲ, ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಎಂದೆವು. ಒಕ್ಕಣೆ ಬರೆಯುವವನ ಮಿತಿ ಅಲ್ಲಿಗೆ ನಿಲ್ಲುತ್ತದೆ. ಊರಿನವರು ಎಣ್ಣೆ ಕೇಳಿದರು ಎಂದರೆ ಹಚ್ಚಿದರು ಎಂದಲ್ಲ, ಅದೂ ಗೊತ್ತಿದೆ. ಅದರ ವಾಸನೆ ಕೆಲವರಿಗೆ ಆಗುವುದಿಲ್ಲ, ಬೆವರಿದರೆ ಅಂಟುತ್ತದೆ ಎಂದು ಬಾಟಲಿ ಮಾಡಿನ ಮೇಲೆ ಇಟ್ಟವರೂ ಇದ್ದಾರೆ.

ಮೊನ್ನೆ ದೊಡ್ಡಮ್ಮ ಫೋನ್ ಮಾಡಿದ್ದರು. ಎಣ್ಣೆ ಹಚ್ಚುತ್ತಾರಂತೆ, ಕಾಲಿಗೆ ಮಾತ್ರ, ಕೈಗೆ ಹಚ್ಚಿದರೆ ಕತ್ತಿ ಜಾರುತ್ತದಂತೆ. ಆಮೇಲೆ ಕೇಳಿದರು, "ಅಲ್ಲ ಮಾರಾಯ, ನಾನು ಹಚ್ಕೊಂಡು ಹೋದೆ ಸರಿ. ನಮ್ಮ ಗೌರಿ ದಿನಾ ಕಾಡಿಗೆ ಮೇಯಕ್ಕೆ ಹೋಗಿ ಮೈತುಂಬ ಉಣುಗು ಹೊತ್ತು ಕೊಟ್ಟಿಗೆಗೆ ಬತ್ತದೆ. ಹಾಲು ಕರೆಯಕ್ಕೆ ಕೂರೋಳು ನಾನೇ ಅಲ್ವನಾ? ಅದಕ್ಕೆ ಏನ್ ಹಚ್ಚದು?"

ಆರು ಪೋಸ್ಟಿನಲ್ಲಿ ಒಂದರಲ್ಲೂ ದನದ ಮೈಮೇಲಿನ ಉಣುಗಿನ ಮಾತು ಬಂದಿರಲಿಲ್ಲ. ಖಾಲಿ ಬಿಟ್ಟಿದ್ದ ಭಾನುವಾರಕ್ಕೆ ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿ ಬರೆಯುತ್ತಿದ್ದೇನೆ. ಮೊದಲ ಸಾಲು ಸಿದ್ಧವಾಗಿದೆ: "ನಿಮ್ಮ ಗೌರಿ ಕಾಡಿಂದ ಬಂದಳಾ?"